ಮೂಲಕ್ಕೆ ಮರಳುವುದು ಅಂದರೆ ಯಾವ ಮೂಲಕ್ಕೆ?

ರಶ್ಮಿ,

ಹತ್ತೊಂಬತ್ತನೇ ಶತಮಾನದ ಧಾರ್ಮಿಕ ಸುಧಾರಣೆಗಳ ಬಗ್ಗೆ ನಿನ್ನ ಅಸೈನ್‌ಮೆಂಟಿನ ಕರಡು ಓದಿದೆ. "ಬ್ರಹ್ಮ ಸಮಾಜ, ಆರ್ಯ ಸಮಾಜ, ದೇವಬಂದ್, ಮೂರೂ ಮೂಲಕ್ಕೆ ಮರಳಿ ಎಂದವು" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಸುಳ್ಳೇನಲ್ಲ. ಆದರೆ ಮೂಲ ಯಾವುದು, ಅದಕ್ಕೆ ಅರ್ಥ ಹೇಳುವ ಹಕ್ಕು ಯಾರದು ಅಂತ ಕೇಳಿ ನೋಡು. ಇವರ ನಡುವಿನ ಜಗಳ ಆಗ ಕಾಣುತ್ತದೆ.

ಬ್ರಹ್ಮ ಸಮಾಜ ಕಟ್ಟಿದ ರಾಮಮೋಹನ ರಾಯರಿಗೆ ಮೂಲ ಅಂದರೆ ಉಪನಿಷತ್ತು ಮತ್ತು ವೇದಾಂತ ಸೂತ್ರ. 1815ರಿಂದ ನಾಲ್ಕೈದು ವರ್ಷಗಳಲ್ಲಿ ಈಶ, ಕೇನ, ಕಠ ಮೊದಲಾದ ಉಪನಿಷತ್ತುಗಳನ್ನು ಬಂಗಾಳಿಗೆ ತಂದು ಅಚ್ಚು ಹಾಕಿಸಿದರು. ಪಂಡಿತರ ಬಾಯಲ್ಲಿದ್ದದ್ದು ಓದು ಬರುವವರ ಕೈಗೆ ಬಂತು. 1818ರಲ್ಲಿ ಸತಿ ಪದ್ಧತಿಯ ವಿರುದ್ಧ ಬರೆದಾಗ ಅವರು ಶಾಸ್ತ್ರವನ್ನು ಬದಿಗೆ ತಳ್ಳಲಿಲ್ಲ, ಶಾಸ್ತ್ರದಿಂದಲೇ ವಾದಿಸಿದರು. ಸತಿ ಬೇಕೆನ್ನುವವರು ಅಂಗಿರಸ, ಹಾರೀತರ ಮಾತು ತಂದರೆ ಇವರು ಮನುವನ್ನು ಎದುರಿಗಿಟ್ಟರು. ವಿಧವೆ ವ್ರತನಿಷ್ಠೆಯಿಂದ ಬಾಳಬೇಕು ಅಂತ ಮನು ಹೇಳುತ್ತಾನೆ, ಚಿತೆ ಏರು ಅಂತಲ್ಲ. ಮನುವಿಗಿಂತ ಬೇರೆ ಸ್ಮೃತಿ ದೊಡ್ಡದಲ್ಲ. ಇದು ಅವರ ವಾದ. 1829ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸತಿ ನಿಷೇಧಿಸಿದ.

ಈಗ ಇದರ ಇನ್ನೊಂದು ಮುಖ ನೋಡು. ಆ ಮನುವಿನ ಮಾತು ವಿಧವೆಯ ಜೀವ ಉಳಿಸಿತು, ಮರುಮದುವೆಗೆ ಮಾತ್ರ ಅಡ್ಡ ಬಂತು. ಹಾಗಾಗಿ 1855ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಪರಾಶರ ಸ್ಮೃತಿಯ ಶ್ಲೋಕ ಹುಡುಕಿ ತೆಗೆದರು. ಕಲಿಯುಗಕ್ಕೆ ಪರಾಶರನೇ ಪ್ರಮಾಣ ಎಂದರು. ಮರುವರ್ಷ ವಿಧವಾ ವಿವಾಹ ಕಾಯ್ದೆ ಬಂತು. ಒಂದೇ ಊರು, ಒಂದೇ ಶತಮಾನ, ಆದರೆ ಬೇಕಾದದ್ದು ಬದಲಾದಾಗ ಪ್ರಮಾಣಗ್ರಂಥವೂ ಬದಲಾಯಿತು. ಇದನ್ನು ಮೋಸ ಅಂತ ಬರೆಯಬೇಡ. ವಕೀಲರು ಕೇಸಿಗೆ ತಕ್ಕ ತೀರ್ಪು ಹುಡುಕುವುದಿಲ್ಲವಾ, ಹಾಗೇ.

ಬ್ರಹ್ಮ ಸಮಾಜದ ಕಥೆ ಇಲ್ಲಿಗೇ ನಿಲ್ಲಲಿಲ್ಲ. ರಾಯರ ನಂತರ ಸಮಾಜವನ್ನು ಮುನ್ನಡೆಸಿದ ದೇವೇಂದ್ರನಾಥ ಠಾಕೂರರು ವೇದ ಕಲಿತು ಬನ್ನಿ ಅಂತ ನಾಲ್ಕು ಮಂದಿಯನ್ನು ಕಾಶಿಗೆ ಕಳಿಸಿದರು. ಒಳಗಡೆ ಅಕ್ಷಯಕುಮಾರ ದತ್ತರಂಥವರು ವಾದ ಮಾಡುತ್ತಲೇ ಇದ್ದರು. ಕೊನೆಗೆ 1850ರ ಸುಮಾರಿಗೆ ವೇದ ತಪ್ಪಿಲ್ಲದ್ದು ಎಂಬ ನಂಬಿಕೆಯನ್ನೇ ಸಮಾಜ ಕೈಬಿಟ್ಟಿತು. ಮೂಲ ಹುಡುಕಿ ಹೊರಟವರು ಮೂಲವನ್ನೇ ಬಿಟ್ಟರು! ನಿನ್ನ ಕರಡಿನಲ್ಲಿ ಇದು ಇಲ್ಲವೇ ಇಲ್ಲ.

ದಯಾನಂದ ಸರಸ್ವತಿ ಹೋದದ್ದು ಇದಕ್ಕೆ ಉಲ್ಟಾ ದಾರಿಯಲ್ಲಿ. ಅವರಿಗೆ ವೇದದ ಸಂಹಿತೆ ಮಾತ್ರ ಸ್ವತಃ ಪ್ರಮಾಣ. ಉಪನಿಷತ್ತು ಎರಡನೇ ಸಾಲಿನದು, ಪುರಾಣ ಬೇಡವೇ ಬೇಡ. ವೇದಕ್ಕೆ ಹಿಂದೆ ಸಾಯಣ ಬರೆದ ಭಾಷ್ಯವನ್ನೂ ಒಪ್ಪದೆ ತಾವೇ ಭಾಷ್ಯ ಬರೆದರು. 1869ರಲ್ಲಿ ಕಾಶಿಯ ಪಂಡಿತರ ಮುಂದೆ ವಿಗ್ರಹಪೂಜೆ ವೇದದಲ್ಲಿ ಎಲ್ಲಿದೆ ತೋರಿಸಿ ಅಂತ ಕೂತರು. 1875ರಲ್ಲಿ ಮುಂಬೈಯಲ್ಲಿ ಆರ್ಯ ಸಮಾಜ ಹುಟ್ಟಿತು. ವೇದ ಓದುವ ಹಕ್ಕು ಶೂದ್ರರಿಗೂ ಹೆಂಗಸರಿಗೂ ಇದೆ ಅಂತ ಯಜುರ್ವೇದದ ಮಂತ್ರವನ್ನೇ ಆಧಾರ ಕೊಟ್ಟರು. ಬಾಗಿಲು ದೊಡ್ಡದಾಗಿಯೇ ತೆರೆದರು. ಆದರೆ ಅರ್ಥ ಯಾವುದು ಸರಿ ಅನ್ನುವ ಕಡೆ ಅವರ ಭಾಷ್ಯವೇ ಕೂತುಬಿಟ್ಟಿತು ಅಂತ ನನಗನಿಸುತ್ತದೆ. ನೀನು ಒಪ್ಪದಿದ್ದರೆ ಕಾರಣ ಕೊಟ್ಟು ಬರಿ.

ದೇವಬಂದ್ ಬಗ್ಗೆ ನೀನು ಬರೆದದ್ದು ಪೂರ್ತಿ ತಿದ್ದಬೇಕು. 1866ರಲ್ಲಿ ಶುರುವಾದ ಆ ಮದರಸಾ ಕುರಾನ್‌ಗೂ ಪ್ರವಾದಿಯ ನಡೆನುಡಿಗಳ ದಾಖಲೆಯಾದ ಹದೀಸ್‌ಗೂ ಒತ್ತು ಕೊಟ್ಟದ್ದು ನಿಜ. ಆದರೆ ತಾವು ಅನುಸರಿಸುವ ಸುನ್ನಿ ಹನಫಿ ಪಂಥದ ಹಿಂದಿನ ವಿದ್ವಾಂಸರ ತೀರ್ಮಾನಗಳನ್ನು ಬಿಡಲಿಲ್ಲ. ಗುರುಗಳಿಂದ ಕಲಿಯದೆ ಸುಮ್ನೆ ಪುಸ್ತಕ ತೆರೆದು ಅರ್ಥ ಮಾಡಿಕೊಳ್ಳುವುದು ಅವರಿಗೆ ಸರಿಕಾಣಲಿಲ್ಲ. ನಡುವಿನ ವಿದ್ವಾಂಸರನ್ನು ದಾಟಿ ನೇರ ಹದೀಸಿಗೇ ಹೋಗಬೇಕು ಎಂದವರು ಅಹ್ಲೆ ಹದೀಸ್. ನೀನು ಇಬ್ಬರನ್ನೂ ಕಲಸಿಬಿಟ್ಟಿದ್ದೀಯ. ನಮಾಜಿನಲ್ಲಿ 'ಆಮೀನ್' ಅನ್ನುವುದನ್ನು ಹನಫಿಗಳು ಮೆಲ್ಲಗೆ ಹೇಳುತ್ತಾರೆ, ಅಹ್ಲೆ ಹದೀಸಿನವರು ಜೋರಾಗಿ. ಇಷ್ಟಕ್ಕೇ ಮಸೀದಿಗಳಲ್ಲಿ ಗಲಾಟೆಯಾಗಿ, 1885ರಲ್ಲಿ ಒಂದು ಪ್ರಕರಣ ಅಲಹಾಬಾದ್ ಹೈಕೋರ್ಟಿಗೂ ಹೋಯಿತು. ಮೂಲ ಒಂದೇ, ಓದುವ ರೀತಿ ಬೇರೆ. ನಿನ್ನ ಹೋಲಿಕೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಅಮೃತಸರದಲ್ಲಿ 1873ರಲ್ಲಿ ಶುರುವಾದ ಸಿಖ್ಖರ ಸಿಂಗ್ ಸಭಾ ಬಗ್ಗೆ ಒಂದು ಪ್ಯಾರಾ ಸಾಕು. ಅಲ್ಲಿ ಗುರು ಗ್ರಂಥ ಸಾಹಿಬ್‌ಗೆ ಮರಳುವುದು ಅಂದರೆ 'ನಾವು ಹಿಂದೂಗಳಲ್ಲ' ಎಂಬ ಗೆರೆ ಎಳೆಯುವುದೂ ಆಯಿತು, ವಿಶೇಷವಾಗಿ ಆರ್ಯ ಸಮಾಜದ ಜೊತೆ ಜಟಾಪಟಿ ಆದಮೇಲೆ.

ಇನ್ನೊಂದು. 1877ರಲ್ಲಿ ಶಹಜಹಾನ್‌ಪುರದ ಹತ್ತಿರ ಚಾಂದಾಪುರದ ಧಾರ್ಮಿಕ ಮೇಳದಲ್ಲಿ ದಯಾನಂದರೂ ದೇವಬಂದಿನ ಖಾಸಿಂ ನಾನೋತವಿಯವರೂ ಪಾದ್ರಿಗಳೂ ಒಂದೇ ಚರ್ಚೆಗೆ ಬಂದಿದ್ದರು. ಇದನ್ನು ಎರಡನೇ ಪುಟದ ಶುರುವಿಗೆ ಹಾಕು. ಎದುರಾಳಿಯ ಮುಂದೆ ವಾದ ಮಾಡಬೇಕಾದಾಗ ಕೈಯಲ್ಲಿ ಗಟ್ಟಿ ಗ್ರಂಥ ಯಾಕೆ ಬೇಕಾಯಿತು ಅನ್ನುವುದು ಅಲ್ಲಿಂದ ಸಹಜವಾಗಿ ಬರುತ್ತದೆ. ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು ಬ್ರಹ್ಮ ಸಮಾಜದವರೇ. ಜಾಗ ಉಳಿದರೆ ಸೇರಿಸು, ಇಲ್ಲದಿದ್ದರೆ ಬೇಡ.

ಗುರುವಾರದೊಳಗೆ ತಿದ್ದಿ ಕೊಡು.