ಪೆಂಡಿಂಗ್ ರಿಜಿಸ್ಟರ್

2012ರಲ್ಲಿ ನಮ್ಮೂರಿಗೆ ಹೊಸದಾಗಿ ಬಂದ ವಿಎ ಮೇಡಂ, ನಾಡಕಚೇರಿಗೆ ಬಾಕಿ ಅರ್ಜಿ ಲಿಸ್ಟ್ ಕೊಡ್ಬೇಕು ಅಂತ ಹಳೇ ರಿಜಿಸ್ಟರ್ ತೆಗ್ದು ಕೂತ್ರು, ಜಾತಿ ಆದಾಯ ಎಲ್ಲಾ ಬೇಗ ಮುಗೀತು, ಆದ್ರೆ ಒಂದು ಹೆಸ್ರು ಮಾತ್ರ ಪುಟ ತಿರುವಿದಷ್ಟೂ ಬರ್ತಾನೇ ಇತ್ತು. ಕೆಂಚಮ್ಮ, ಕೆರೆ ಆಚೆ ಮನೆ, ವಂಶವೃಕ್ಷ. ಮುಂದೆ ಕೆಂಪು ಇಂಕಲ್ಲಿ 'ಮರಣ ಪತ್ರ ಲಗತ್ತಿಸಿಲ್ಲ'. ಪ್ರತಿ ಸಲ ಅದೇ ಷರಾ, ಕೈಬರಹ ಮಾತ್ರ ಬೇರೆ.

"ಅವ್ರು ಊರು ಬಿಟ್ಟು ಎಷ್ಟೋ ಕಾಲ ಆಯ್ತಲ್ಲ ಮೇಡಂ" ಅಂದ ತಳವಾರ.

ಬಿಟ್ಟಿರ್ಲಿಲ್ಲ. ಸಂಜೆ ಸ್ಕೂಟಿಲಿ ಹೋದ್ರೆ ಅಜ್ಜಿ, ಸೊಸೆ, ಮೊಮ್ಮಕ್ಳು ಎಲ್ಲಾ ಅಲ್ಲೇ. ಅಜ್ಜಿ ಟ್ರಂಕಿಂದ ಗೊಬ್ರದ ಚೀಲದ ತುಂಡಲ್ಲಿ ಸುತ್ತಿದ್ದ ಸ್ವೀಕೃತಿ ಚೀಟಿಗಳ್ನ ಹರವಿದ್ರು. ಗಂಡ ಸತ್ತಾಗ ಯಾರೂ ರಿಜಿಸ್ಟರ್ ಮಾಡ್ಸಿಲ್ಲ, ವರ್ಷ ದಾಟಿದ್ರಿಂದ ಕೋರ್ಟ್ ಆರ್ಡರ್ ಬೇಕಿತ್ತು, ಅದನ್ನ ಹೇಳೋರಿಲ್ಲ, ಬಂದಾಗೆಲ್ಲಾ ನಾಳೆ ಬಾ ಅಂತ ಕಳ್ಸಿದ್ದೇ (ಇದಕ್ಕೂ ಸಂಬಳ ಕೊಡ್ತಾರೆ ನೋಡಿ). ಪಹಣಿ ಇನ್ನೂ ಸತ್ತೋನ ಹೆಸ್ರಲ್ಲೇ, ಹಂಗಾಗಿ ಬೆಳೆ ಸಾಲನೂ ಇಲ್ಲ, ಬರ ಪರಿಹಾರನೂ ಇಲ್ಲ.

ಮೇಡಂ ಜಗಲಿ ಮೇಲೇ ಮಹಜರು ಬರೆದು, ಪಂಚರ ಸಹಿಗೆ ಪಕ್ಕದ ತೋಟದವ್ರನ್ನ ಕರೆಸಿದ್ರು.

"ಸೋಮವಾರ ತಾಲ್ಲೂಕು ಕೋರ್ಟಿಗೆ ಬನ್ನಿ ಅಜ್ಜಿ, ವಕೀಲ್ರಿಗೆ ನಾನ್ ಹೇಳ್ತೀನಿ."

"ಬತ್ತೀನಿ ಕಣವ್ವ, ಬಸ್ ಚಾರ್ಜ್ ಎಷ್ಟಾಯ್ತದೆ?"