ಸಾಗಣೆಯಲ್ಲಿ ಹಾನಿಯಾದ ವಾಷಿಂಗ್ ಮೆಷಿನ್ ಬದಲಿಸಿಕೊಡುವಂತೆ ಕೋರಿ ಮಾರಾಟಗಾರರಿಗೆ ಪತ್ರ

ದಿನಾಂಕ: 19 ಜುಲೈ 2025

ಇವರಿಂದ:
ಶಾರದಾ ಎಸ್.
ವಿನೋಬನಗರ, ಶಿವಮೊಗ್ಗ

ಇವರಿಗೆ:
ಮಾಲೀಕರು
ಗೃಹೋಪಯೋಗಿ ವಸ್ತುಗಳ ಮಾರಾಟ ಮಳಿಗೆ
ಬಿ.ಎಚ್. ರಸ್ತೆ, ಶಿವಮೊಗ್ಗ

ವಿಷಯ: ಹಾನಿಗೊಂಡ ವಾಷಿಂಗ್ ಮೆಷಿನ್ ಬದಲಿಗೆ ಹೊಸದನ್ನು ನೀಡುವ ಬಗ್ಗೆ
ಉಲ್ಲೇಖ: ತಮ್ಮ ಬಿಲ್ ಸಂಖ್ಯೆ 1847, ದಿನಾಂಕ 12 ಜುಲೈ 2025

ಮಾನ್ಯರೇ,

ಜುಲೈ 12ರ ಶನಿವಾರ ತಮ್ಮ ಮಳಿಗೆಯಲ್ಲಿ 7 ಕೆ.ಜಿ. ಸಾಮರ್ಥ್ಯದ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಕೊಂಡು, ಪೂರ್ತಿ ಹಣ ₹31,490 ಅನ್ನು ಅಂದೇ ಯುಪಿಐ ಮೂಲಕ ಪಾವತಿಸಿದ್ದೇನೆ. 15ರ ಸಂಜೆ ಅದು ನಮ್ಮ ಮನೆಗೆ ಬಂತು. ಬಂದದ್ದು ಒಳಗೆ ಒಡೆದಿದ್ದ ಮೆಷಿನ್. ಅದನ್ನು ವಾಪಸ್ ಪಡೆದು, ಅದೇ ಮಾದರಿಯ ಹೊಸ ಮೆಷಿನ್ ಕೊಡಬೇಕೆಂದು ಕೇಳಿಕೊಳ್ಳುತ್ತಿದ್ದೇನೆ.

ಗೂಡ್ಸ್ ಆಟೋ ಗೇಟಿನ ಮುಂದೆ ನಿಂತಾಗ ನಾನು ಹೊರಗೇ ಇದ್ದೆ. ಮೇಲ್ಮುಖವಾಗಿಯೇ ಇಡಬೇಕೆಂಬ ಬಾಣದ ಗುರುತು ಪೆಟ್ಟಿಗೆಯ ಮೇಲೆ ಎದ್ದು ಕಾಣುತ್ತಿದ್ದರೂ ಅದನ್ನು ಅಡ್ಡ ಮಲಗಿಸಿ, ಮೇಲೆ ಇನ್ನೊಂದು ಭಾರದ ಪೆಟ್ಟಿಗೆ ಹೇರಲಾಗಿತ್ತು. ಹಿಂಬದಿಯ ಕೆಳಮೂಲೆ ಜಜ್ಜಿ ಒಳಕ್ಕೆ ಹೋಗಿತ್ತು. ಇಳಿಸಿದ ಹುಡುಗರು ಒಳಗಿನ ಥರ್ಮೋಕೋಲ್ ಕಾಪಾಡಿರುತ್ತದೆ ಎಂದರು. ಮಳೆ ಬರುತ್ತಿತ್ತು, ಅವರಿಗೂ ಅವಸರವಿತ್ತು. ಆದರೂ ಡೆಲಿವರಿ ಚಲನ್‌ಗೆ ಸಹಿ ಹಾಕುವ ಮುನ್ನ "ಪೆಟ್ಟಿಗೆಯ ಮೂಲೆ ಜಜ್ಜಿದೆ, ಒಳಗಿನ ಸ್ಥಿತಿ ನೋಡಿಲ್ಲ" ಎಂದು ಅದರ ಮೇಲೆ ಬರೆದಿದ್ದೇನೆ. ತಮ್ಮ ಬಳಿಯಿರುವ ಪ್ರತಿಯಲ್ಲಿಯೂ ಆ ಬರಹ ಇರಲೇಬೇಕು.

ಮರುದಿನ ಕಂಪನಿಯ ತಂತ್ರಜ್ಞರು ಬಂದು ನಮ್ಮೆದುರೇ ಪೆಟ್ಟಿಗೆ ತೆರೆದರು. ಹಿಂಬದಿಯ ತಗಡು ಅಂಗೈಯಗಲ ತಗ್ಗಾಗಿತ್ತು. ಡ್ರಮ್ ಅಲುಗದಂತೆ ಸಾಗಣೆಯ ವೇಳೆ ಹಿಡಿದಿಡುವ ನಾಲ್ಕು ಬೋಲ್ಟ್‌ಗಳಲ್ಲಿ ಒಂದು ಬಾಗಿತ್ತು. ಅವರು ಮೇಲಿನ ಮುಚ್ಚಳ ಬಿಚ್ಚಿದಾಗ ಡ್ರಮ್‌ನ ಹೊರತೊಟ್ಟಿಗೆ ಬಿಗಿದಿದ್ದ ಕಾಂಕ್ರೀಟ್ ತೂಕದ ಗಟ್ಟಿ ಎರಡು ಹೋಳಾಗಿ, ಅದರ ಪುಡಿ ತಳದಲ್ಲೆಲ್ಲ ಚೆಲ್ಲಿತ್ತು. ಬಟ್ಟೆ ಹಿಂಡುವಾಗ ಡ್ರಮ್ ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ. ಆಗ ಮೆಷಿನ್ ಕುಣಿಯದಂತೆ ತಡೆಯುವುದು ಆ ತೂಕವೇ. ಅದು ಒಡೆದಿರುವಾಗ ಚಾಲನೆ ಮಾಡಿದರೆ ಒಳಗಿನ ಭಾಗಗಳಿಗೆಲ್ಲ ಏಟು ಬೀಳುತ್ತದೆ ಎಂದು ಹೇಳಿ, ಅವರು ನೀರು, ವಿದ್ಯುತ್ ಸಂಪರ್ಕ ಕೊಡದೆಯೇ "ಸಾಗಣೆಯಲ್ಲಿ ಹಾನಿ, ಅಳವಡಿಸಿಲ್ಲ" ಎಂದು ಸರ್ವಿಸ್ ಶೀಟ್‌ನಲ್ಲಿ ಬರೆದು ಹೋದರು.

17ರಂದು ಫೋನ್ ಮಾಡಿದಾಗ ತಮ್ಮ ವ್ಯವಸ್ಥಾಪಕರು ಎರಡು ಮಾತು ಹೇಳಿದರು. ಪೆಟ್ಟಿಗೆ ತೆರೆದ ಮೇಲೆ ವಾಪಸ್ ಪಡೆಯುವುದಿಲ್ಲ ಎಂಬುದು ಒಂದು. ತಂತ್ರಜ್ಞರು ಬರುವವರೆಗೆ ಪೆಟ್ಟಿಗೆ ತೆರೆಯಬಾರದೆಂದು ತಮ್ಮ ಮಳಿಗೆಯಲ್ಲಿಯೇ ನನಗೆ ಹೇಳಿದ್ದರು, ನಾನು ಹಾಗೆಯೇ ನಡೆದುಕೊಂಡೆ. ತೆರೆಯದೆ ಒಳಗಿನ ಹಾನಿ ತಿಳಿಯುವುದಾದರೂ ಹೇಗೆ? ತಗಡು ಮತ್ತು ತೂಕದ ಗಟ್ಟಿ ಬದಲಿಸಿಕೊಡುತ್ತೇವೆ ಎಂಬುದು ಇನ್ನೊಂದು. ಅದನ್ನು ನಾನು ಒಪ್ಪುವುದಿಲ್ಲ. ಕಾಂಕ್ರೀಟ್ ಒಡೆಯುವಷ್ಟು ಬಲವಾಗಿ ಬಿದ್ದ ಮೆಷಿನ್‌ನ ಬೇರಿಂಗ್, ಸ್ಪ್ರಿಂಗ್‌ಗಳಿಗೆ ಏನಾಗಿದೆಯೆಂದು ಹೊರಗಿನಿಂದ ನೋಡಿ ಹೇಳಲಾಗದು. ಹೊಸದಕ್ಕೆ ಹಣ ಕೊಟ್ಟವಳು ಮೊದಲ ದಿನವೇ ರಿಪೇರಿಯಾದ ವಸ್ತುವನ್ನು ಮನೆಯಲ್ಲಿಟ್ಟುಕೊಳ್ಳಬೇಕೆನ್ನುವುದು ನ್ಯಾಯವಲ್ಲ.

ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(47) ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ತಮ್ಮ ಬಿಲ್ಲಿನಲ್ಲಿ ಅಂಥ ಅವಧಿಯ ಉಲ್ಲೇಖವಿಲ್ಲ.

ಆದ್ದರಿಂದ ಜುಲೈ 26ರೊಳಗೆ ಅದೇ ಮಾದರಿಯ, ಸೀಲ್ ತೆರೆಯದ ಮೆಷಿನ್ ಕಳುಹಿಸಿ, ಒಡೆದದ್ದನ್ನು ತಮ್ಮ ಖರ್ಚಿನಲ್ಲಿಯೇ ಒಯ್ಯಬೇಕು. ಪ್ರದರ್ಶನಕ್ಕಿಟ್ಟ ಮೆಷಿನ್ ಬೇಡ. ಹೊಸ ಮೆಷಿನ್‌ನ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿ, ವಾರಂಟಿಯನ್ನು ಅದನ್ನು ಅಳವಡಿಸಿದ ದಿನದಿಂದ ಲೆಕ್ಕ ಹಾಕಿಕೊಡಿ. ದಾಸ್ತಾನು ಇಲ್ಲವಾದರೆ ₹31,490 ಅನ್ನು ಪೂರ್ತಿ ಮರಳಿಸಿ. ಎರಡೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಬಳಿಕ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ನಮ್ಮ ಅತ್ತೆಯವರು ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ದಿನಕ್ಕೆ ಎರಡು ಬಾರಿ ಹೊದಿಕೆ ಒಗೆಯಬೇಕಾಗುತ್ತದೆ, ಈ ಮಳೆಯಲ್ಲಿ ಒಂದೂ ಒಣಗುತ್ತಿಲ್ಲ. ಇದಕ್ಕೆಂದೇ ಉಳಿತಾಯದ ಹಣ ತೆಗೆದು ಮೆಷಿನ್ ಕೊಂಡೆವು. ನಮ್ಮ ಫ್ರಿಜ್, ಮಿಕ್ಸಿ ಎರಡೂ ತಮ್ಮಲ್ಲಿಯೇ ಕೊಂಡವು. ಆ ನಂಬಿಕೆಯಿಂದಲೇ ಮೊದಲು ತಮಗೆ ಬರೆಯುತ್ತಿದ್ದೇನೆ. ಇನ್ನೊಂದು ವಿನಂತಿ: ಈ ನಷ್ಟವನ್ನು ಇಳಿಸಿದ ಹುಡುಗರ ಸಂಬಳದಲ್ಲಿ ಮುರಿದುಕೊಳ್ಳಬೇಡಿ. ಹಾಗೆ ಹೇರಿ ಕಳುಹಿಸಿದ್ದು ಅವರೊಬ್ಬರ ತಪ್ಪಲ್ಲ.

ಮೆಷಿನ್ ಪೆಟ್ಟಿಗೆಯ ಸಮೇತ ನಮ್ಮ ವರಾಂಡದಲ್ಲಿದೆ. ಯಾವ ದಿನ ಬಂದರೂ ಬೆಳಗ್ಗೆ 10ರ ನಂತರ ಮನೆಯಲ್ಲಿರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶಾರದಾ ಎಸ್.

ಲಗತ್ತು: ಬಿಲ್, ಡೆಲಿವರಿ ಚಲನ್ ಮತ್ತು ಸರ್ವಿಸ್ ಶೀಟ್‌ನ ಪ್ರತಿಗಳು, ಪೆಟ್ಟಿಗೆ ಹಾಗೂ ಒಡೆದ ಭಾಗಗಳ ಆರು ಫೋಟೋಗಳು