ಭಾನುವಾರದ ದೋಸೆ ತಡವಾದ ಬಗ್ಗೆ ನಿಮ್ಮ ವಿಮರ್ಶೆಗೆ ನಮ್ಮ ಉತ್ತರ

ನಮಸ್ಕಾರ.

ವಯಸ್ಸಾದ ತಂದೆ-ತಾಯಿ, ಮಗು ಎಲ್ಲರನ್ನೂ ಕರೆದುಕೊಂಡು ಬಂದು ದೋಸೆಗೆ ಮುಕ್ಕಾಲು ಗಂಟೆಗೂ ಮೇಲೆ ಕಾದಿದ್ದೀರಿ. ತಪ್ಪು ನಮ್ಮದೇ, ಕ್ಷಮಿಸಿ. ಕೇಳಿದಾಗ ನಮ್ಮ ಸಪ್ಲೈಯರ್ "ಭಾನುವಾರ ಅಂದ್ರೆ ಹೀಗೇ ಸಾರ್" ಅಂದದ್ದು ಅದಕ್ಕಿಂತ ದೊಡ್ಡ ತಪ್ಪು.

ಆ ದಿನದ ಚೀಟಿಗಳನ್ನು ತೆಗೆದು ನೋಡಿದೆವು. ನಿಮ್ಮ ಆರ್ಡರ್ 9.20ಕ್ಕೆ ಅಡುಗೆಮನೆಗೆ ಬಂದಿದೆ, ದೋಸೆ ಹೊರಗೆ ಹೋದದ್ದು 10.08ಕ್ಕೆ. ನೀವು ಬರೆದದ್ದರಲ್ಲಿ ಒಂದು ನಿಮಿಷವೂ ಹೆಚ್ಚಿಲ್ಲ.

"ನಮ್ಮ ನಂತರ ಬಂದವರಿಗೆ ಮೊದಲು ಕೊಟ್ಟರು" ಎಂದಿದ್ದೀರಿ. ಅದೂ ನಿಜ. ನಮ್ಮ ಕಾವಲಿಯ ಮೇಲೆ ಒಂದು ಸಲಕ್ಕೆ 8 ದೋಸೆ ಹಿಡಿಯುತ್ತದೆ. ನೀರು ಚಿಮುಕಿಸಿ, ಒರೆಸಿ, ಹುಯ್ದು, ಪಲ್ಯ ಇಟ್ಟು ತೆಗೆಯುವಷ್ಟರಲ್ಲಿ ಸುಮಾರು 5 ನಿಮಿಷ. ಎರಡರಲ್ಲಿ ಒಂದು ಕಾವಲಿಯ ಬರ್ನರ್ ಜೆಟ್ ಅಂದು ಕಟ್ಟಿಕೊಂಡು ಉರಿ ಕುಗ್ಗಿತ್ತು. ಉಳಿದ ಒಂದರ ಮೇಲೇ ಟೇಬಲ್ ಆರ್ಡರ್, ಪಾರ್ಸೆಲ್ ಎರಡೂ ನಡೆದವು. ಸಾಲಿನಲ್ಲಿ ಎರಡು-ಮೂರು ಜಾಗ ಉಳಿದಾಗ ಮಾಸ್ಟರ್ ಸಣ್ಣ ಚೀಟಿ ಎತ್ತಿಕೊಂಡು ತುಂಬಿಸಿದ್ದಾರೆ. 5 ದೋಸೆಯ ನಿಮ್ಮ ಚೀಟಿ ಹೀಗೆ ಹಿಂದೆ ಹಿಂದೆ ಬಿದ್ದಿದೆ. ಕಾವಲಿ ಖಾಲಿ ಬಿಡಬಾರದೆಂಬ ಅಭ್ಯಾಸ ಅದು, ಆದರೆ ಮನೆಮಂದಿಯೆಲ್ಲ ಬಂದವರಿಗೇ ಅನ್ಯಾಯ. ಈಗ ಚೀಟಿಗಳನ್ನು ಬಂದ ಕ್ರಮದಲ್ಲೇ ಕಂಬಿಗೆ ಸಿಕ್ಕಿಸುತ್ತೇವೆ. ದೊಡ್ಡ ಆರ್ಡರ್ ಆದರೆ ಒಂದು ಸಲಕ್ಕೆ 3, ಮುಂದಿನದಕ್ಕೆ 2 ಎಂದು ಬಿಡಿಸಿ ಹುಯ್ಯುತ್ತಾರೆ.

ಜೆಟ್ ಸೋಮವಾರವೇ ಬದಲಾಯಿತು, ಇನ್ನೊಂದು ತಂದಿಟ್ಟಿದ್ದೇವೆ. ಮತ್ತೆ ಒಂದೇ ಕಾವಲಿಯ ಪರಿಸ್ಥಿತಿ ಬಂದರೆ ಆ್ಯಪ್‌ನಲ್ಲಿ ದೋಸೆ ಪಾರ್ಸೆಲ್ ಆಫ್ ಮಾಡುತ್ತೇವೆ. 20 ನಿಮಿಷ ಮೀರುವಂತಿದ್ದರೆ ಆರ್ಡರ್ ಬರೆದುಕೊಳ್ಳುವಾಗಲೇ ಹೇಳಬೇಕು, ಹಿರಿಯರಿಗೂ ಮಕ್ಕಳಿಗೂ ಇಡ್ಲಿ ಮೊದಲು ಬರಲೇ ಎಂದು ಕೇಳಬೇಕು ಎಂದು ಸಪ್ಲೈಯರ್‌ಗಳಿಗೆ ತಿಳಿಸಿದ್ದೇವೆ.

ಕಾಫಿ ಆರಿಹೋದದ್ದಕ್ಕೆ ಕಾರಣ, ಅದರ ಚೀಟಿ ತಿಂಡಿ ಚೀಟಿಯ ಜೊತೆಗೇ ಹೋದದ್ದು. ಕಾಫಿ ಎರಡೇ ನಿಮಿಷದಲ್ಲಿ ಸಿದ್ಧವಾಗುತ್ತದೆ. ಇನ್ನು ಮುಂದೆ ಗಿರಾಕಿಗಳು "ಈಗ ತನ್ನಿ" ಅಂದ ಮೇಲೆಯೇ ಆ ಚೀಟಿ ಹೋಗುತ್ತದೆ. ನಿಮ್ಮ ನಾಲ್ಕು ಕಾಫಿಯ 120 ರೂಪಾಯಿ ಕ್ಯಾಶ್ ಕೌಂಟರ್‌ನಲ್ಲಿ ತೆಗೆದಿಟ್ಟಿದ್ದೇವೆ. ಬಿಲ್ ತೋರಿಸಿದರೆ ಸಾಕು. ಬಿಲ್ ಇಲ್ಲದಿದ್ದರೆ ಬಂದ ದಿನ, ಹೊತ್ತು ಹೇಳಿ. ಫೋನ್ ನಂಬರನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ವಿಮರ್ಶೆಯನ್ನು ಬದಲಿಸಿ ಎಂದು ಕೇಳುವುದಿಲ್ಲ. ಭಾನುವಾರ 9ರಿಂದ 11ರವರೆಗೆ ಜನ ಇದ್ದೇ ಇರುತ್ತಾರೆ. ಹಿರಿಯರ ಜೊತೆ ಬರುವುದಾದರೆ 8.30ರ ಒಳಗೆ ಬನ್ನಿ, ಆ ಹೊತ್ತಿಗೆ ಎರಡೂ ಕಾವಲಿ ಕಾದಿರುತ್ತವೆ, ಟೇಬಲ್‌ಗೂ ಕಾಯಬೇಕಾಗುವುದಿಲ್ಲ.

ಹೋಟೆಲ್ ಮಾಲೀಕರು ಮತ್ತು ಅಡುಗೆಮನೆಯವರು